ಸ್ಟೇಟಸ್ ಕಾಲಮ್‌ನಲ್ಲಿ ಬಣ್ಣದ ಜೊತೆ ಒಂದು ಗುರುತೂ ಇರಲಿ

ಮನೆ ಕಟ್ಟುವಾಗ ಪ್ಲಾಸ್ಟರಿಂಗ್ ಶುರುವಾಗುವ ಮೊದಲು ಗೋಡೆಯೊಳಗೆ ಕರೆಂಟಿನ ಪೈಪ್ ಕೂತಿರಬೇಕು. ಈ ಕ್ರಮ ತಪ್ಪಿದರೆ ಹಸಿ ಗೋಡೆಯನ್ನೇ ಮತ್ತೆ ಕಟರ್ ಹಿಡಿದು ಕೊಯ್ಯಬೇಕಾಗುತ್ತದೆ. ನಾನು ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದ ಒಂದು ಮನೆಯಲ್ಲಿ ಹಾಗೇ ಆಯಿತು. ಅದಕ್ಕೆ ಕಾರಣ ನಾನು ಮಾಡಿದ್ದ ಎಕ್ಸೆಲ್ ಪಟ್ಟಿ.

ಪಟ್ಟಿ ದೊಡ್ಡದೇನಲ್ಲ. ಹದಿನಾಲ್ಕು ಸಾಲು. ಪಾಯದಿಂದ ಹಿಡಿದು ಪೇಂಟಿಂಗ್‌ವರೆಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಾಲು. ಕೆಲಸದ ಹೆಸರು, ಯಾರು ಮಾಡಬೇಕು, ಯಾವ ತಾರೀಖಿಗೆ ಮುಗಿಯಬೇಕು, ಆಮೇಲೆ ಸ್ಟೇಟಸ್. ಸ್ಟೇಟಸ್ ಕಾಲಮ್ ಕಿರಿದಾಗಿರಲಿ ಅಂತ ಅದರಲ್ಲಿ ಅಕ್ಷರವನ್ನೇ ಬರೆದಿರಲಿಲ್ಲ. ಸುಮ್ನೆ ಬಣ್ಣ ತುಂಬಿದ್ದೆ. ಮುಗಿದಿದ್ದರೆ ತಿಳಿ ಹಸಿರು, ತಡವಾಗಿದ್ದರೆ ತಿಳಿ ಹಳದಿ, ನಿಂತಿದ್ದರೆ ತಿಳಿ ಕೆಂಪು, ನಡೆಯುತ್ತಿದ್ದರೆ ಖಾಲಿ. ಯಾವ ಬಣ್ಣಕ್ಕೆ ಏನರ್ಥ ಅನ್ನುವುದು ಪಟ್ಟಿಯ ಕೆಳಗೆ ಇತ್ತು.

ಪೈಪ್ ಹಾಕುವ ಕೆಲಸ ಅರ್ಧಕ್ಕೆ ನಿಂತಿತ್ತು. ಮಲಗುವ ಕೋಣೆಯಲ್ಲಿ ಸ್ವಿಚ್ ಬೋರ್ಡ್ ಯಾವ ಗೋಡೆಗೆ ಬರಬೇಕು ಅಂತ ಮನೆಯವರು ಇನ್ನೂ ಹೇಳಿರಲಿಲ್ಲ. ಆ ಸಾಲಿಗೆ ನಾನು ತಿಳಿ ಕೆಂಪು ಹಾಕಿದ್ದೆ. ಆಗಷ್ಟೇ ಇನ್ನೊಂದು ಸೈಟಿನಿಂದ ನಮ್ಮಲ್ಲಿಗೆ ಬಂದಿದ್ದ ಇಂಜಿನಿಯರ್ ತಮ್ಮ ಫೋನಿನಲ್ಲಿ ಪಟ್ಟಿ ತೆರೆದು ನೋಡಿ, ಆ ಕೆಲಸ ಮುಗಿದಿದೆ ಅಂದುಕೊಂಡರು. ಮೇಸ್ತ್ರಿಗೆ ಪ್ಲಾಸ್ಟರಿಂಗ್ ಶುರು ಮಾಡಿ ಅಂದರು. ಮೂರು ದಿನ ಆದಮೇಲೆ ಎಲೆಕ್ಟ್ರಿಷಿಯನ್ ಬಂದು ನಿಂತಾಗಲೇ ನನಗೆ ವಿಷಯ ಗೊತ್ತಾಗಿದ್ದು.

"ಕೆಂಪು ಇತ್ತಲ್ಲ ಸರ್" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮೇಡಂ, ಆ ಎರಡೂ ಬಣ್ಣ ನನಗೆ ಒಂದೇ ಥರ ಕಾಣ್ತವೆ. ಸ್ಕೂಲಲ್ಲಿದ್ದಾಗಿಂದ ಹಾಗೇ. ಕೆಲಸದ ಜಾಗದಲ್ಲಿ ಹೇಳ್ಕೊಳ್ಳೋಕೆ ಮುಜುಗರ."

ಆಮೇಲೆ ಪಟ್ಟಿಯನ್ನು ಹೇಗೆ ಸರಿ ಮಾಡಿದೆವು, ಪ್ರತಿ ಹೆಜ್ಜೆಯಲ್ಲಿ ಏನೇನು ಎಡವಟ್ಟಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲು, ಅವರಿಗೆ ಎರಡೂ ಒಂದೇ ಥರ ಕಂಡಿದ್ದು ಯಾಕೆ ಅಂತ ನೋಡೋಣ. ಅದು ತಿಳಿದರೆ ಪರಿಹಾರ ಅರ್ಧ ಸಿಕ್ಕ ಹಾಗೆ.

ಕಣ್ಣು ಮಾಡುವ ಎರಡು ಹೋಲಿಕೆ

ಬಣ್ಣ ಗುರುತಿಸಲು ನಮ್ಮ ಕಣ್ಣಿನ ಹಿಂಭಾಗದಲ್ಲಿ ಮೂರು ಥರದ ಕೋನ್ ಕೋಶಗಳಿವೆ. ಒಂದು ಥರದ್ದು ನೀಲಿ ಕಡೆಯ ಬೆಳಕಿಗೆ ಜಾಸ್ತಿ ಸ್ಪಂದಿಸುತ್ತದೆ. ಇನ್ನೆರಡನ್ನು ವಾಡಿಕೆಯಲ್ಲಿ ಹಸಿರು ಕೋನ್, ಕೆಂಪು ಕೋನ್ ಅನ್ನುತ್ತಾರೆ. ನಿಜಕ್ಕೂ ಈ ಎರಡೂ ಅಕ್ಕಪಕ್ಕದವು, ಇವುಗಳ ಸ್ಪಂದನೆಯಲ್ಲಿ ವ್ಯತ್ಯಾಸ ಕಡಿಮೆ. ಆ ಸಣ್ಣ ವ್ಯತ್ಯಾಸವನ್ನೇ ತೂಗಿ ನೋಡಿ ಇದು ಕೆಂಪು, ಇದು ಹಸಿರು ಅಂತ ಮಿದುಳು ತೀರ್ಮಾನಿಸುತ್ತದೆ. ಇದು ಮೊದಲ ಹೋಲಿಕೆ. ನೀಲಿ ಕೋನ್ ಹೇಳುವುದನ್ನು ಉಳಿದೆರಡರ ಜೊತೆ ತೂಗುವುದು ಎರಡನೆಯದು. ಇವೆರಡರ ಜೊತೆಗೆ, ಒಟ್ಟಾರೆ ಎಷ್ಟು ಬೆಳಕಿದೆ, ಅಂದರೆ ತಿಳಿಯೋ ಗಾಢವೋ ಅನ್ನುವ ಲೆಕ್ಕವೂ ನಡೆಯುತ್ತಿರುತ್ತದೆ.

ಕಲರ್ ಬ್ಲೈಂಡ್ ಅಂದಾಗ ಜಗತ್ತು ಕಪ್ಪು ಬಿಳುಪಾಗಿ ಕಾಣುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗೆ ಕಾಣುವವರು ತೀರಾ ಅಪರೂಪ. ಹೆಚ್ಚಿನವರಲ್ಲಿ ಮೊದಲ ಹೋಲಿಕೆ ಮಾತ್ರ ಕೆಟ್ಟಿರುತ್ತದೆ. ಕೆಂಪು ಕೋನ್ ಅಥವಾ ಹಸಿರು ಕೋನ್ ಇರುವುದಿಲ್ಲ, ಇಲ್ಲವೇ ಒಂದು ಇನ್ನೊಂದಕ್ಕೆ ತೀರಾ ಹತ್ತಿರ ಸರಿದಿರುತ್ತದೆ. ತೂಗುವುದಕ್ಕೆ ವ್ಯತ್ಯಾಸವೇ ಇಲ್ಲದಿದ್ದರೆ ಮಿದುಳಾದರೂ ಏನು ಮಾಡೀತು? ಈ ಎರಡು ಕೋನ್‌ಗಳ ಜೀನುಗಳು ಎಕ್ಸ್ ಕ್ರೋಮೋಸೋಮಿನಲ್ಲಿವೆ. ಗಂಡಸರಿಗೆ ಅದು ಒಂದೇ ಇರುವುದರಿಂದ ತೊಂದರೆ ಅವರಲ್ಲೇ ಜಾಸ್ತಿ. ಯುರೋಪ್ ಮೂಲದವರಲ್ಲಿ ಸುಮಾರು 12 ಗಂಡಸರಲ್ಲಿ ಒಬ್ಬರಿಗೆ, 200 ಹೆಂಗಸರಲ್ಲಿ ಒಬ್ಬರಿಗೆ ಇದು ಇರುತ್ತದೆ. ಬೇರೆ ಕಡೆ ಪ್ರಮಾಣ ಇದಕ್ಕಿಂತ ಕಡಿಮೆ ಇರಬಹುದು. ಆದರೂ ಇಪ್ಪತ್ತು ಮೂವತ್ತು ಗಂಡಸರಿರುವ ಸೈಟಿನಲ್ಲಿ ಒಬ್ಬರಾದರೂ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಈಗ ನನ್ನ ಪಟ್ಟಿಗೆ ಬರೋಣ. ನಾನು ಬಣ್ಣಗಳನ್ನು ಯೋಚಿಸಿ ಆರಿಸಿದ್ದೇನಲ್ಲ. ಎಕ್ಸೆಲ್‌ನ `Conditional Formatting` ತಾನಾಗೇ ಕೊಡುವ ತಿಳಿ ಹಸಿರು, ತಿಳಿ ಕೆಂಪನ್ನೇ ಕೈಯಿಂದ ತುಂಬಿದ್ದೆ. ಕೋಟಿಗಟ್ಟಲೆ ಪಟ್ಟಿಗಳಲ್ಲಿ ಇರುವುದು ಇವೇ ಬಣ್ಣ. ಇವುಗಳ ಕೋಡ್ ನೋಡಿ:

```
ತಿಳಿ ಹಸಿರು : C6EFCE
ತಿಳಿ ಕೆಂಪು  : FFC7CE
```

ಎರಡೆರಡು ಅಕ್ಷರಗಳನ್ನು ಒಟ್ಟಿಗೆ ಓದಬೇಕು. ಮೊದಲನೆಯ ಜೋಡಿ ಕೆಂಪು ಬೆಳಕಿನ ಪ್ರಮಾಣ, ಎರಡನೆಯದು ಹಸಿರಿನದು, ಮೂರನೆಯದು ನೀಲಿಯದು. ಕೊನೆಯ ಜೋಡಿ ಎರಡರಲ್ಲೂ `CE`. ಅಂದರೆ ಎರಡು ಬಣ್ಣದಲ್ಲೂ ನೀಲಿಯ ಪ್ರಮಾಣ ಒಂದೇ. ಇದನ್ನು ಗಮನಿಸಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ನಮ್ಮ ಇಂಜಿನಿಯರ್‌ಗೆ ಕೆಂಪು ಹಸಿರಿನ ಹೋಲಿಕೆ ಹೇಗೂ ಸಿಗುವುದಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದ ನೀಲಿಯ ಹೋಲಿಕೆಗೂ ಇಲ್ಲಿ ಕೆಲಸವಿಲ್ಲ, ಯಾಕಂದರೆ ನೀಲಿ ಎರಡರಲ್ಲೂ ಒಂದೇ.

ಇನ್ನು ಉಳಿದದ್ದು ತಿಳಿ, ಗಾಢದ ವ್ಯತ್ಯಾಸ. ಅದನ್ನು ಅಳೆಯುವುದಕ್ಕೆ ಕಾಂಟ್ರಾಸ್ಟ್ ಅನುಪಾತ ಅಂತ ಒಂದು ಲೆಕ್ಕವಿದೆ. ಎರಡು ಬಣ್ಣಗಳ ಬೆಳಕು ಪೂರ್ತಿ ಒಂದೇ ಆಗಿದ್ದರೆ 1 ಬರುತ್ತದೆ. ಕಪ್ಪು ಬಿಳುಪಿಗೆ 21 ಬರುತ್ತದೆ. ವೆಬ್ ಪುಟಗಳು ಎಲ್ಲರಿಗೂ ಓದಲು ಬರಬೇಕು ಅಂತ ಮಾಡಿರುವ WCAG ನಿಯಮಗಳ ಪ್ರಕಾರ, ಮಾಮೂಲಿ ಗಾತ್ರದ ಅಕ್ಷರ ಮತ್ತು ಅದರ ಹಿನ್ನೆಲೆ ನಡುವೆ ಕನಿಷ್ಠ 4.5, ಅರ್ಥ ಕೊಡುವ ಚಿತ್ರ, ಆಕಾರಗಳಿಗೆ ಕನಿಷ್ಠ 3 ಇರಬೇಕು. ನನ್ನ ತಿಳಿ ಹಸಿರು, ತಿಳಿ ಕೆಂಪಿನ ನಡುವೆ ಎಷ್ಟಿತ್ತು ಗೊತ್ತಾ? 1.16. ಅಂದರೆ ಮೂರನೆಯ ದಾರಿಯೂ ಮುಚ್ಚಿತ್ತು. ಅವರ ಕಣ್ಣಿಗೆ ಆ ಎರಡೂ ಮಾಸಿದ ತಿಳಿ ಬಣ್ಣದ ಚೌಕಗಳು, ಅಷ್ಟೇ. ಅವರು ಸರಿಯಾಗಿ ನೋಡಲಿಲ್ಲ ಅನ್ನೋಕೆ ಆಗಲ್ಲ. ನೋಡೋಕೆ ಅಲ್ಲಿ ಏನೂ ಇರಲಿಲ್ಲ.

ಬೇರೆ ಬಣ್ಣ ಹಾಕಿದರೆ ಸಾಲದೇ?

ನನಗೂ ಮೊದಲು ಹೊಳೆದದ್ದು ಇದೇ. ಹಸಿರಿನ ಬದಲು ನೀಲಿ, ಕೆಂಪಿನ ಬದಲು ಕಿತ್ತಳೆ. ಈ ಜೋಡಿ ನಮ್ಮ ಇಂಜಿನಿಯರ್‌ಗೆ ಬೇರೆ ಬೇರೆಯಾಗಿಯೇ ಕಂಡಿತು. ಆದರೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ಬೇರೆ ಅಂತ ಗೊತ್ತಾಗುತ್ತೆ ಮೇಡಂ. ಇದರಲ್ಲಿ ನಿಂತಿರೋದು ಯಾವುದು?"

ಎರಡು ಬಣ್ಣ ಬೇರೆ ಬೇರೆ ಅಂತ ತಿಳಿಯುವುದು ಒಂದು. ಒಂದು ಬಣ್ಣವನ್ನು ಮಾತ್ರ ನೋಡಿ ಅದು ಇಂಥದ್ದು ಅಂತ ಹೇಳುವುದು ಇನ್ನೊಂದು. ಎರಡೂ ಪಕ್ಕಪಕ್ಕದಲ್ಲಿದ್ದರೆ ಮೊದಲನೆಯದು ಸುಲಭ. ಪಟ್ಟಿಯಲ್ಲಿ ಹಾಗಿರುವುದಿಲ್ಲ. ಫೋನ್ ಪರದೆಯಲ್ಲಿ ಐದು ಸಾಲು ಕಾಣುತ್ತಿರುತ್ತವೆ, ಅದರಲ್ಲಿ ಒಂದಕ್ಕೆ ಮಾತ್ರ ಬಣ್ಣ ಇರುತ್ತದೆ. ಹೋಲಿಸಲು ಪಕ್ಕದಲ್ಲಿ ಇನ್ನೊಂದಿಲ್ಲ. ಕೆಳಗಿನ ಅರ್ಥಸೂಚಿ ಪರದೆಯಿಂದ ಆಚೆ ಹೋಗಿದೆ. ಜೊತೆಗೆ ಬಿಸಿಲು ಬೇರೆ.

ಟ್ರಾಫಿಕ್ ಸಿಗ್ನಲ್ಲಿನಲ್ಲಿ ಇವರಿಗೆ ಇಷ್ಟು ಕಷ್ಟವಾಗುವುದಿಲ್ಲ. ಮೇಲೆ ಹೊತ್ತಿದರೆ ಕೆಂಪು, ಕೆಳಗೆ ಹೊತ್ತಿದರೆ ಹಸಿರು ಅಂತ ಜಾಗ ನೋಡಿ ಹೇಳಬಹುದು. ಸ್ಟೇಟಸ್ ಕಾಲಮ್‌ನಲ್ಲಿ ಎಲ್ಲ ಬಣ್ಣಗಳೂ ಒಂದೇ ಜಾಗಕ್ಕೆ ಬರುತ್ತವೆ. ಜಾಗದಿಂದ ಸಿಗುವ ಸಹಾಯವೂ ಇಲ್ಲಿಲ್ಲ.

ಆಕಾರ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಮ್ಮ ಅಡುಗೆಮನೆಯಲ್ಲೇ ಉದಾಹರಣೆ ಇದೆ. ಬಿಸ್ಕತ್ತು, ಚಿಪ್ಸ್ ಪೊಟ್ಟಣದ ಮೇಲೆ ಚೌಕದೊಳಗೆ ಹಸಿರು ಚುಕ್ಕಿ ಇದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೂ ಮೊದಲು ಚೌಕದೊಳಗೆ ಚುಕ್ಕಿಯೇ ಇತ್ತು, ಬಣ್ಣ ಮಾತ್ರ ಕಂದು. ಹಸಿರು ಚುಕ್ಕಿ, ಕಂದು ಚುಕ್ಕಿ ಕೆಲವರಿಗೆ ಒಂದೇ ಥರ ಕಾಣುತ್ತಿದ್ದವು. ಊಟದ ವಿಷಯದಲ್ಲಿ ಅದು ಸಣ್ಣ ಗೊಂದಲವಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ FSSAI 2020ರ ಲೇಬಲ್ ನಿಯಮಗಳಲ್ಲಿ ಮಾಂಸಾಹಾರದ ಗುರುತನ್ನು ಕಂದು ತ್ರಿಕೋನ ಮಾಡಿತು. ಬಣ್ಣ ಅದೇ ಉಳಿಯಿತು, ಆಕಾರ ಬದಲಾಯಿತು. ಈಗ ಬಣ್ಣವನ್ನು ಗಮನಿಸದೆಯೂ ಓದಬಹುದು. ನನ್ನ ಪಟ್ಟಿಗೂ ಬೇಕಾಗಿದ್ದು ಇದೇ.

ಯಾವ ಗುರುತು ಆರಿಸಬೇಕು

ಇಲ್ಲಿ ನಾನು ಮಾಡಿದ ಮೊದಲ ತಪ್ಪು ಇಮೋಜಿ. ಬಣ್ಣದ ಬದಲು 🟢 🟡 🔴 ಹಾಕಿ, ಗುರುತು ಬಂತಲ್ಲ ಅಂದುಕೊಂಡೆ. ಆಕಾರ ನೋಡಿದರೆ ಮೂರೂ ಒಂದೇ, ಬರೀ ದುಂಡು. ಮತ್ತೆ ಬಣ್ಣವೇ ಅರ್ಥ ಹೇಳಬೇಕು. ವಾಟ್ಸಾಪ್ ಗುಂಪುಗಳಲ್ಲಿ ಕೆಲಸದ ವರದಿ ಕಳಿಸುವವರು ಈಗಲೂ ಹೀಗೇ ಮಾಡುತ್ತಾರೆ. ಎಕ್ಸೆಲ್‌ನ `Icon Sets` ಒಳಗಿನ `3 Traffic Lights` ಕೂಡ ಇದೇ ಥರ, ಮೂರು ಬಣ್ಣದ ದುಂಡು. ಅದರ ಪಕ್ಕದಲ್ಲೇ ಇರುವ `3 Signs` ಎಷ್ಟೋ ವಾಸಿ. ಅದರಲ್ಲಿ ಹಸಿರಿಗೆ ದುಂಡು, ಹಳದಿಗೆ ತ್ರಿಕೋನ, ಕೆಂಪಿಗೆ ವಜ್ರಾಕೃತಿ ಇದೆ. ಆದರೆ ಈ ಐಕಾನುಗಳು ಬರುವುದು ಅಂಕಿಗಳಿಗೆ ಮಾತ್ರ. ಸೆಲ್‌ನಲ್ಲಿ 'ಮುಗಿದಿದೆ' ಅಂತ ಬರೆದಿದ್ದರೆ ಏನೂ ಬರುವುದಿಲ್ಲ. ಅದಕ್ಕೇ ನಾವು ಅದನ್ನು ಕೈಬಿಟ್ಟು, ಅಕ್ಷರದ ಥರ ಟೈಪ್ ಮಾಡಬಹುದಾದ ಗುರುತುಗಳಿಗೆ ಬಂದೆವು.

ಮುಗಿದಿದ್ದಕ್ಕೆ ✓ ಹಾಕಿದೆವು. ಇದಕ್ಕೆ ವಿವರಣೆಯೇ ಬೇಡ. ಮೇಷ್ಟ್ರು ಪುಸ್ತಕದಲ್ಲಿ ರೈಟ್ ಹಾಕುವುದನ್ನು ನೋಡಿಕೊಂಡೇ ಎಲ್ಲರೂ ಬೆಳೆದಿರುತ್ತಾರೆ. ಹಾಗಾದರೆ ನಿಂತಿದ್ದಕ್ಕೆ ಇಂಟು ಮಾರ್ಕ್ ✗ ಸರಿಹೋಗಬೇಕಲ್ವಾ? ಎರಡು ಕಾರಣಕ್ಕೆ ಬೇಡ ಅಂದೆವು. ಒಂದು, ✓ ಮತ್ತು ✗ ಎರಡೂ ಸಪೂರ ಓರೆ ಗೆರೆಗಳು. ಫೋನಿನಲ್ಲಿ ಪಟ್ಟಿಯನ್ನು ಕಿರಿದು ಮಾಡಿ ನೋಡಿದರೆ ಎರಡೂ ಒಂದೇ ಥರದ ಗೀಚು. ಇನ್ನೊಂದು, ಇಂಟು ಹಾಕಿದರೆ ಜನ ಅದನ್ನು 'ತಪ್ಪು' ಅಂತಲೋ 'ಆ ಕೆಲಸ ಬೇಡ, ರದ್ದು' ಅಂತಲೋ ಓದುತ್ತಾರೆ. ನಿಂತ ಕೆಲಸ ರದ್ದಾದದ್ದಲ್ಲ. ಅದಕ್ಕೆ ತುಂಬಿದ ಚೌಕ ■ ಆರಿಸಿದೆವು. ಹಾಡು ಕೇಳುವ ಸಾಧನಗಳಲ್ಲಿ ಸ್ಟಾಪ್ ಬಟನ್ ಚೌಕವೇ ಆಗಿರುವುದರಿಂದ ಅದು ಬೇಗ ನೆನಪಿನಲ್ಲಿ ಉಳಿಯಿತು.

ತಡವಾಗಿದ್ದಕ್ಕೆ ತ್ರಿಕೋನ ▲. ರಸ್ತೆಯಲ್ಲಿ ಎಚ್ಚರಿಕೆಯ ಫಲಕ ತ್ರಿಕೋನವಾಗಿರುತ್ತದೆ, ಹಾಗಾಗಿ ಹೊಂದುತ್ತದೆ. ಆದರೆ ಪಟ್ಟಿಯಲ್ಲಿ ದುಡ್ಡಿನ ಕಾಲಮ್ ಕೂಡ ಇದ್ದರೆ ಹುಷಾರು. ಅಲ್ಲಿ ▲ ಅಂದರೆ ಏರಿಕೆ, ▼ ಅಂದರೆ ಇಳಿಕೆ ಅಂತಲೇ ಜನ ಓದುತ್ತಾರೆ. ನಮ್ಮ ಪಟ್ಟಿಯಲ್ಲಿ ದುಡ್ಡಿನ ಲೆಕ್ಕ ಇರಲಿಲ್ಲ. ನಡೆಯುತ್ತಿರುವುದಕ್ಕೆ ತುಂಬಿದ ದುಂಡು ● ಹಾಕಿದೆವು. ಇದು ಸರಿಯಾದ ಆಯ್ಕೆ ಆಗಿರಲಿಲ್ಲ. ಅದು ಗೊತ್ತಾಗಿದ್ದು ಪರೀಕ್ಷೆ ಮಾಡಿದಾಗ, ಅದನ್ನು ಆಮೇಲೆ ಹೇಳುತ್ತೇನೆ.

ಗುರುತು ಹುಡುಕುವಾಗ ಇನ್ನೊಂದು ವಿಷಯ ಗಮನದಲ್ಲಿರಲಿ. ✓ ಮತ್ತು ✔ ನೋಡಲು ಅಣ್ಣ ತಮ್ಮಂದಿರಂತಿವೆ. ಆದರೆ ದಪ್ಪಗಿರುವ ✔ ಯೂನಿಕೋಡ್‌ನ ಇಮೋಜಿ ಪಟ್ಟಿಯಲ್ಲೂ ಇದೆ. ಹಾಗಾಗಿ ಕೆಲವು ಫೋನುಗಳಲ್ಲಿ ಅದು ಬಣ್ಣದ ಚಿತ್ರವಾಗಿ ಬದಲಾಗುತ್ತದೆ, ಗಾತ್ರವೂ ಹೆಚ್ಚು ಕಡಿಮೆ ಆಗುತ್ತದೆ. ⚠ ಮತ್ತು ▶ ಕೂಡ ಹೀಗೇ ಬದಲಾಗಬಹುದು. ✓ ▲ ■ ● ಆ ಪಟ್ಟಿಯಲ್ಲಿಲ್ಲ. ನೀವು ಕೊಟ್ಟ ಬಣ್ಣದಲ್ಲಿ, ಅಕ್ಷರಗಳ ಹಾಗೇ ಕಾಣುತ್ತವೆ.

ಆಫೀಸುಗಳಲ್ಲಿ ಬಹಳ ಜನ ರೈಟ್ ಮಾರ್ಕ್ ಹಾಕಲು ಒಂದು ಹಳೇ ಉಪಾಯ ಬಳಸುತ್ತಾರೆ. ಫಾಂಟ್ `Wingdings 2` ಮಾಡಿ `P` ಒತ್ತುವುದು. ಪರದೆಯಲ್ಲಿ ಚಂದದ ಟಿಕ್ ಬರುತ್ತದೆ. ಸೆಲ್‌ನೊಳಗೆ ನಿಜವಾಗಿ ಇರುವುದು ಮಾತ್ರ `P` ಅಕ್ಷರವೇ. ಆ ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಅಲ್ಲಿ `P` ಅಂತಲೇ ಬರುತ್ತದೆ. ಈ ದಾರಿ ಬೇಡ.

ಪಟ್ಟಿಗೆ ಹಾಕುವುದು

ಗುರುತಿನ ಜೊತೆ ಮಾತೂ ಇರಬೇಕು. ಬರೀ ▲ ಇದ್ದರೆ ಹೊಸಬರು ಮತ್ತೆ ಅರ್ಥಸೂಚಿ ಹುಡುಕಬೇಕಾಗುತ್ತದೆ. '▲ ತಡ' ಅಂತ ಇದ್ದರೆ ಬೇಕಾಗಿಲ್ಲ. ಕಾಲಮ್ ಕಿರಿದಾಗಿರಬೇಕು ಅನ್ನುವ ನನ್ನ ಹಠದಿಂದಲೇ ಇಷ್ಟೆಲ್ಲ ಆಗಿದ್ದು. ಇನ್ನು ನಾಲ್ಕು ಅಕ್ಷರಕ್ಕೆ ಜಾಗ ಕೊಡುವುದು ಏನೇನೂ ಕಷ್ಟವಲ್ಲ.

ಪಟ್ಟಿಯ ಪಕ್ಕ ಖಾಲಿ ಇದ್ದ H ಕಾಲಮ್‌ನಲ್ಲಿ ನಾಲ್ಕು ಸ್ಥಿತಿಗಳನ್ನು ಬರೆದೆ. ಕೀಬೋರ್ಡಿನಲ್ಲಿ ಈ ಗುರುತುಗಳು ಇಲ್ಲದ ಕಾರಣ `UNICHAR` ಅನ್ನುವ ಫಾರ್ಮುಲಾ ಬಳಸಿದೆ. ಗೂಗಲ್ ಶೀಟ್ಸ್‌ನಲ್ಲೂ ಇದು ನಡೆಯುತ್ತದೆ.

```
H2: =UNICHAR(10003)&" ಮುಗಿದಿದೆ"
H3: =UNICHAR(9679)&" ನಡೀತಿದೆ"
H4: =UNICHAR(9650)&" ತಡ"
H5: =UNICHAR(9632)&" ನಿಂತಿದೆ"
```

ಆಮೇಲೆ ಸ್ಟೇಟಸ್ ಇರುವ D2ರಿಂದ D15ರವರೆಗೆ ಆರಿಸಿ, `Data` → `Data Validation` → `List` ತೆಗೆದು, `Source` ಜಾಗದಲ್ಲಿ `=$H$2:$H$5` ಕೊಟ್ಟೆ. ಈಗ ಪ್ರತಿ ಸೆಲ್‌ನಲ್ಲೂ ಸಣ್ಣ ಬಾಣದ ಗುರುತು ಬರುತ್ತದೆ. ಅದನ್ನು ಒತ್ತಿ ನಾಲ್ಕರಲ್ಲಿ ಒಂದು ಆರಿಸಬೇಕು, ಕೈಯಲ್ಲಿ ಟೈಪ್ ಮಾಡಿದ್ದು ಹೊಂದದಿದ್ದರೆ ಎಕ್ಸೆಲ್ ಒಪ್ಪುವುದಿಲ್ಲ. ಇದು ಮುಖ್ಯ. ಒಬ್ಬರು 'ಮುಗಿದಿದೆ', ಇನ್ನೊಬ್ಬರು 'ಮುಗೀತು', ಮತ್ತೊಬ್ಬರು 'ok' ಅಂತ ಬರೆಯಲು ಬಿಟ್ಟರೆ ಗುರುತು ಅರ್ಧ ಸಾಲಿಗೆ ಬರುತ್ತದೆ, ಅರ್ಧಕ್ಕೆ ಬರುವುದಿಲ್ಲ.

ಗುರುತಿಗೇ ಬೇರೆ ಕಾಲಮ್ ಮಾಡಿ, ಪಕ್ಕದ ಮಾತನ್ನು ನೋಡಿ ಅದು ತಾನಾಗೇ ಬರುವ ಹಾಗೆ ಫಾರ್ಮುಲಾ ಬರೆಯುವ ದಾರಿಯೂ ಇದೆ. ನನಗೆ ಗುರುತು, ಮಾತು ಒಂದೇ ಸೆಲ್‌ನಲ್ಲಿರುವುದೇ ಇಷ್ಟ. ನಮ್ಮಲ್ಲಿ ಪಟ್ಟಿಯ ಎರಡು ಸಾಲನ್ನು ಕಾಪಿ ಮಾಡಿ ಮೇಸ್ತ್ರಿಗೆ ಕಳಿಸುವುದು ದಿನಾ ನಡೆಯುತ್ತದೆ. ಕಾಪಿ ಮಾಡಿದಾಗ ಬಣ್ಣ ಹಿಂದೆ ಉಳಿಯುತ್ತದೆ, '■ ನಿಂತಿದೆ' ಪೂರ್ತಿಯಾಗಿ ಹೋಗಿ ತಲುಪುತ್ತದೆ. ಫೈಲನ್ನು CSV ಮಾಡಿ ಕಳಿಸುವುದಿದ್ದರೆ ಮಾತ್ರ `CSV UTF-8` ಅನ್ನುವುದನ್ನೇ ಆರಿಸಿ. ಮಾಮೂಲಿ CSV ಮಾಡಿದರೆ ಗುರುತಿನ ಜೊತೆ ಕನ್ನಡವೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ.

ಇನ್ನು ಬಣ್ಣ. ಗುರುತು ಬಂದಮೇಲೆ ಬಣ್ಣ ಯಾಕೆ, ತೆಗೆದುಬಿಡೋಣ ಅಂತ ಒಬ್ಬರು ಹೇಳಿದರು. ಸ್ವತಃ ನಮ್ಮ ಇಂಜಿನಿಯರೇ ತೆಗೆಯೋದು ಬೇಡ ಅಂದರು. ಬಣ್ಣ ಕಾಣುವವರಿಗೆ ಅದು ದೂರದಿಂದಲೇ ಕಣ್ಣು ಸೆಳೆಯುತ್ತದೆ. ಬಣ್ಣದ ಜೊತೆಗೆ ತಿಳಿ, ಗಾಢದ ವ್ಯತ್ಯಾಸವನ್ನೂ ಸರಿಯಾಗಿ ಇಟ್ಟರೆ ಅವರಿಗೂ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ತುರ್ತು ಹೆಚ್ಚಿದ ಹಾಗೆ ಬಣ್ಣ ಗಾಢವಾಗಲಿ ಅಂತ ತೀರ್ಮಾನ ಮಾಡಿದೆವು. `Conditional Formatting` → `New Rule` → `Use a formula to determine which cells to format` ತೆಗೆದು, ಮೂರು ನಿಯಮ ಹಾಕಿದೆ:

```
=LEFT($D2,1)="✓"
=LEFT($D2,1)="▲"
=LEFT($D2,1)="■"
```

ಸೆಲ್‌ನ ಮೊದಲ ಅಕ್ಷರ ನೋಡಿ ಬಣ್ಣ ಹಾಕು ಅಂತ ಅರ್ಥ. ಗುರುತನ್ನು ನೋಡಿಯೇ ಬಣ್ಣ ಬರುವುದರಿಂದ, ಗುರುತು ಒಂದು, ಬಣ್ಣ ಇನ್ನೊಂದು ಆಗುವ ಸಂದರ್ಭವೇ ಬರುವುದಿಲ್ಲ. ಮೊದಲು ಬಣ್ಣವನ್ನು ಕೈಯಿಂದ ತುಂಬುತ್ತಿದ್ದಾಗ ಕೆಲಸದ ಸ್ಥಿತಿ ಒಂದು, ಬಣ್ಣ ಇನ್ನೊಂದು ಎಷ್ಟೋ ಸಲ ಆಗಿತ್ತು. ಇಮೋಜಿ ಬೇಡ ಅನ್ನಲು ಇಲ್ಲಿ ಇನ್ನೊಂದು ಕಾರಣವೂ ಸಿಕ್ಕಿತು. ಎಕ್ಸೆಲ್‌ನ ಹಲವು ಆವೃತ್ತಿಗಳಲ್ಲಿ 🟢 ಥರದ ಇಮೋಜಿಗೆ ಎರಡು ಅಕ್ಷರದ ಲೆಕ್ಕ. `LEFT` ಒಂದನ್ನು ಮಾತ್ರ ತೆಗೆದರೆ ಅರ್ಧ ಇಮೋಜಿ ಕೈಗೆ ಬಂದು, ನಿಯಮ ಹೊಂದುವುದೇ ಇಲ್ಲ.

✓ ಇದ್ದ ಸೆಲ್‌ಗೆ ಹಳೇ ತಿಳಿ ಹಸಿರು `C6EFCE` ಹಾಗೇ ಇಟ್ಟು, ಅದರ ಮೇಲೆ ಗಾಢ ಹಸಿರು ಅಕ್ಷರ `006100` ಹಾಕಿದೆ. ▲ ಇದ್ದರೆ ಕಿತ್ತಳೆ `E69F00`, ಮೇಲೆ ಕಪ್ಪು ಅಕ್ಷರ. ■ ಇದ್ದರೆ ಗಾಢ ಕೆಂಪು `9C0006`, ಮೇಲೆ ಬಿಳಿ ಅಕ್ಷರ. ನಡೆಯುತ್ತಿರುವ ಕೆಲಸಕ್ಕೆ ಬಣ್ಣವೇ ಇಲ್ಲ. ಎಲ್ಲ ಸರಿ ಇದ್ದಾಗ ಕಣ್ಣನ್ನು ಅಲ್ಲಿಗೆ ಎಳೆಯುವ ಅಗತ್ಯವಿಲ್ಲ ಅಲ್ವಾ?

ಈಗ ಮತ್ತೆ ಅಳೆಯಿರಿ. ಮುಗಿದದ್ದರ ತಿಳಿ ಹಸಿರಿಗೂ ನಿಂತದ್ದರ ಗಾಢ ಕೆಂಪಿಗೂ ಕಾಂಟ್ರಾಸ್ಟ್ ಸುಮಾರು 6.9. ಹಿಂದೆ 1.16 ಇತ್ತು. ಗಾಢ ಕೆಂಪಿನ ಮೇಲಿನ ಬಿಳಿ ಅಕ್ಷರಕ್ಕೆ 8ಕ್ಕಿಂತ ಜಾಸ್ತಿ, ತಿಳಿ ಹಸಿರಿನ ಮೇಲಿನ ಗಾಢ ಹಸಿರು ಅಕ್ಷರಕ್ಕೆ ಸುಮಾರು 6. ಕೆಂಪು ಕೋನ್ ಇಲ್ಲದವರಿಗೆ ಕೆಂಪು ಇನ್ನೂ ಕಪ್ಪಾಗಿ ಕಾಣುತ್ತದೆ. ಅವರ ಕಣ್ಣಿಗೆ `9C0006` ಹೆಚ್ಚು ಕಡಿಮೆ ಕಪ್ಪು. ಅದರ ಮೇಲೆ ಕಪ್ಪು ಅಕ್ಷರ ಇಟ್ಟಿದ್ದರೆ ಗುರುತೇ ಮುಳುಗಿಹೋಗುತ್ತಿತ್ತು. ಬಿಳಿ ಇಟ್ಟಿದ್ದು ಅದಕ್ಕೇ.

ತಿಳಿ ಹಸಿರಿಗೂ ಕಿತ್ತಳೆಗೂ ನಡುವಿನ ಅನುಪಾತ ಮಾತ್ರ 1.8ರ ಆಸುಪಾಸಿನಲ್ಲೇ ನಿಂತಿತು. ನಾಲ್ಕು ಸ್ಥಿತಿಗಳಿಗೆ ಒಂದಕ್ಕೊಂದು 3ರಷ್ಟು ದೂರ ಇರುವ ಬಣ್ಣಗಳನ್ನು ಹುಡುಕುವುದು ಲೆಕ್ಕದ ಪ್ರಕಾರವೇ ಸಾಧ್ಯವಿಲ್ಲ. ಅದಕ್ಕೆ 3×3×3, ಅಂದರೆ 27 ಬೇಕು, ಒಟ್ಟು ಇರುವುದು 21 ಮಾತ್ರ. ಅಲ್ಲಿ ವ್ಯತ್ಯಾಸ ಹೇಳುವ ಕೆಲಸ ✓ ಮತ್ತು ▲ ಗುರುತುಗಳದ್ದು.

ಎಷ್ಟು ಕೆಲಸ ತಡವಾಗಿದೆ ಅಂತ ಎಣಿಸುವುದಕ್ಕೂ ಗುರುತೇ ಸಾಕಾಯಿತು:

```
=COUNTIF($D$2:$D$15,"▲*")
```

ಪರೀಕ್ಷೆ

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಪಟ್ಟಿಯನ್ನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಆ ಪ್ರಿಂಟನ್ನು ಮತ್ತೆ ಜೆರಾಕ್ಸ್ ಮಾಡಿಸಿ. ಸೈಟಿನ ಗೋಡೆಗೆ ಅಂಟಿಸುವುದು ಹೇಗೂ ಅಂಥ ಜೆರಾಕ್ಸನ್ನೇ. ಅದರಲ್ಲಿ ಹದಿನಾಲ್ಕು ಸಾಲನ್ನೂ ತಪ್ಪಿಲ್ಲದೆ ಓದಲು ಬಂದರೆ ಬಣ್ಣದ ಮೇಲೆ ಪಟ್ಟಿ ನಿಂತಿಲ್ಲ ಅಂತ ಅರ್ಥ. ಕಂಪ್ಯೂಟರಿನಲ್ಲೇ ನೋಡಬೇಕಿದ್ದರೆ ವಿಂಡೋಸ್‌ನ `Color filters` ಒಳಗೆ `Grayscale` ಇದೆ.

ಆದರೆ ಕಲರ್ ಬ್ಲೈಂಡ್ ಇರುವವರು ನೋಡುವುದು ಬೂದು ಬಣ್ಣದ ಪಟ್ಟಿಯನ್ನಲ್ಲ. ಅವರಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಅವರಿಗೆ ಹೇಗೆ ಕಾಣಬಹುದು ಅಂತ ಅಂದಾಜು ಬೇಕಿದ್ದರೆ, ಪಟ್ಟಿಯನ್ನು ಗೂಗಲ್ ಶೀಟ್ಸ್‌ಗೆ ಹಾಕಿ ಕ್ರೋಮ್‌ನಲ್ಲಿ ತೆರೆಯಿರಿ. ಕ್ರೋಮ್‌ನಲ್ಲೇ ಇರುವ ಡೆವಲಪರ್‌ಗಳ ಸಾಧನ `DevTools` ಒಳಗಿನ `Rendering` ಭಾಗದಲ್ಲಿ `Emulate vision deficiencies` ಅಂತಿದೆ. ಅಲ್ಲಿ `Protanopia` ಅಂದರೆ ಕೆಂಪು ಕೋನ್ ಇಲ್ಲದವರ ನೋಟ, `Deuteranopia` ಅಂದರೆ ಹಸಿರು ಕೋನ್ ಇಲ್ಲದವರ ನೋಟ. ನನ್ನ ಹಳೇ ಪಟ್ಟಿಯನ್ನು ಎರಡನೆಯದರಲ್ಲಿ ತೆರೆದಾಗ ಕೆಂಪು ಸಾಲನ್ನು ನಾನೇ ಹುಡುಕಬೇಕಾಯಿತು. ಅದನ್ನು ನೋಡಿದ ಮೇಲೆ ಆ ಇಂಜಿನಿಯರ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಇದೂ ಅಂದಾಜೇ. ಕೋನ್ ಪೂರ್ತಿ ಇಲ್ಲದವರ ನೋಟವನ್ನು ಇದು ತೋರಿಸುತ್ತದೆ. ಹೆಚ್ಚಿನವರಲ್ಲಿ ಕೋನ್ ಇದ್ದೂ ಸ್ವಲ್ಪ ಸರಿದಿರುತ್ತದೆ, ಅದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ಕೊನೆಯ ಪರೀಕ್ಷೆ ಮನುಷ್ಯರದ್ದೇ ಆಗಬೇಕು. ಹೊಸ ಪಟ್ಟಿಯಲ್ಲಿ ಮಾತುಗಳನ್ನು ತೆಗೆದು ಬರೀ ಗುರುತು, ಬಣ್ಣ ಉಳಿಸಿ, ಜೆರಾಕ್ಸ್ ತೆಗೆದು ಇಂಜಿನಿಯರ್‌ಗೆ ಕೊಟ್ಟೆ. 'ಕಾಣುತ್ತಾ' ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಯಾರಾದರೂ ಹೂಂ ಅಂತಾರೆ. "ನಿಂತಿರೋ ಕೆಲಸ ಯಾವ್ಯಾವುದು, ಓದಿ ಸರ್" ಅಂದೆ. ಅವರು ಎರಡು ಕೆಲಸ ಓದಿದರು: ಟೆರೇಸಿನ ವಾಟರ್ ಪ್ರೂಫಿಂಗ್, ಆಮೇಲೆ ಬಾಗಿಲು ಚೌಕಟ್ಟು. ವಾಟರ್ ಪ್ರೂಫಿಂಗ್ ಸರಿ. ಬಾಗಿಲು ಚೌಕಟ್ಟು ನಡೆಯುತ್ತಿತ್ತು.

ಕಾಗದವನ್ನು ಹತ್ತಿರ ಹಿಡಿದು ನೋಡಿದೆ. ತುಂಬಿದ ದುಂಡು ●, ತುಂಬಿದ ಚೌಕ ■. ಅಕ್ಷರದ ಗಾತ್ರಕ್ಕೆ ಕುಗ್ಗಿ, ಜೆರಾಕ್ಸಿನಲ್ಲಿ ಇಂಕು ಹರಡಿ, ಚೌಕದ ಮೂಲೆಗಳೇ ಸವೆದುಹೋಗಿದ್ದವು. ಎರಡೂ ಒಂದೊಂದು ಬೊಟ್ಟು. ಗಾಢ ಕೆಂಪು ಹಿನ್ನೆಲೆ ಇದ್ದಿದ್ದರಿಂದ ವಾಟರ್ ಪ್ರೂಫಿಂಗ್ ಸಾಲು ಬೇರೆಯಾಗಿ ಎದ್ದು ಕಾಣುತ್ತಿತ್ತು, ನಿಜ. ಆದರೆ ಅವರು ನೋಡಿದ್ದು ಗುರುತನ್ನು, ಹಿನ್ನೆಲೆಯನ್ನಲ್ಲ. ಬಣ್ಣವನ್ನು ನಂಬಬಾರದು ಅಂತ ಇಷ್ಟು ವರ್ಷದಲ್ಲಿ ಅಭ್ಯಾಸವಾಗಿಹೋಗಿದೆ ಅಂದರು.

ಸಣ್ಣ ಗಾತ್ರದಲ್ಲಿ ಮೂಲೆಗಳು ಉಳಿಯುವುದಿಲ್ಲ. ಒಳಗೆ ತುಂಬಿದೆಯೋ ಖಾಲಿಯೋ ಅನ್ನುವುದು ಉಳಿಯುತ್ತದೆ. ಹಾಗಾಗಿ ನಡೆಯುತ್ತಿರುವುದಕ್ಕೆ ಖಾಲಿ ದುಂಡು ○ ಹಾಕಿದೆವು. H3ರಲ್ಲಿ 9679 ಇದ್ದದ್ದನ್ನು 9675 ಮಾಡಿದರೆ ಮುಗಿಯಿತು ಅಂದುಕೊಂಡೆ. ಮೆನುವಿನಲ್ಲಿ ○ ಬಂತು, ಮೊದಲೇ ಆರಿಸಿಟ್ಟಿದ್ದ ಸೆಲ್‌ಗಳಲ್ಲಿ ಮಾತ್ರ ಹಳೇ ● ಹಾಗೇ ಕೂತಿತ್ತು. ಒಮ್ಮೆ ಆರಿಸಿದ್ದನ್ನು ಎಕ್ಸೆಲ್ ತಾನಾಗೇ ಬದಲಾಯಿಸುವುದಿಲ್ಲ. D ಕಾಲಮ್ ಆರಿಸಿ, `Ctrl+H` ಒತ್ತಿ, ● ತೆಗೆದು ○ ಹಾಕಿದ ಮೇಲೆ ಎಲ್ಲ ಸರಿಯಾಯಿತು.

ಮತ್ತೆ ಜೆರಾಕ್ಸ್ ತೆಗೆದು, ಮತ್ತೆ ಅದೇ ಪ್ರಶ್ನೆ ಕೇಳಿದೆ. ಈ ಸಲ ಅವರು ಒಂದೇ ಸಾಲು ಓದಿದರು. ಈಗ ಫೋನ್ ಮಾಡಿದಾಗ ನಾನು "ಆ ಕೆಂಪು ಸಾಲು ನೋಡಿ" ಅನ್ನುವುದಿಲ್ಲ, "ಚೌಕದ ಸಾಲು ನೋಡಿ ಸರ್" ಅನ್ನುತ್ತೇನೆ.